ಕನ್ನಡ–ಕನ್ನಡ ನಿಘಂಟನ್ನು ಓದುವ ಬಗೆ: ಅರ್ಥನಿರೂಪಣೆ, ಪ್ರಯೋಗವಾಕ್ಯ ಮತ್ತು ಬಳಕೆಯ ಸೂಚನೆಗಳು

ನಿಘಂಟನ್ನು ತೆರೆದವರಲ್ಲಿ ಹೆಚ್ಚಿನವರು ಪದವನ್ನು ಕಂಡೊಡನೆ ಅದರ ಮುಂದಿರುವ ಮೊದಲ ಅರ್ಥವನ್ನು ಓದಿ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಎರಡು ಭಾಷೆಗಳ ನಿಘಂಟಿನಲ್ಲಿ ಈ ಅಭ್ಯಾಸದಿಂದ ಹೇಗೋ ಕೆಲಸ ನಡೆಯುತ್ತದೆ. ಆದರೆ ಕನ್ನಡ ಪದಕ್ಕೆ ಕನ್ನಡದಲ್ಲೇ ಅರ್ಥ ಹೇಳುವ ಏಕಭಾಷಾ ನಿಘಂಟಿನಲ್ಲಿ ಅದು ಓದುಗನನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. ಅಲ್ಲಿ ಒಂದು ನಮೂದಿನ ಅರ್ಥವು ಮೂರು ಕಡೆ ಹಂಚಿಹೋಗಿರುತ್ತದೆ: ಅರ್ಥನಿರೂಪಣೆಯಲ್ಲಿ ಒಂದು ಪಾಲು, ಪ್ರಯೋಗವಾಕ್ಯದಲ್ಲಿ ಇನ್ನೊಂದು ಪಾಲು, ಆವರಣದೊಳಗೆ ಚಿಕ್ಕದಾಗಿ ಅಚ್ಚಾಗಿರುವ ಬಳಕೆಯ ಸೂಚನೆಯಲ್ಲಿ ಮತ್ತೊಂದು ಪಾಲು. ಈ ಮೂರನ್ನೂ ಕೂಡಿಸಿ ಓದುವ ಕ್ರಮವನ್ನು ಹಂತಹಂತವಾಗಿ ವಿವರಿಸುವುದು ಈ ಬರಹದ ಉದ್ದೇಶ. ಮಾದರಿಯಾಗಿ ‘ಒಪ್ಪು’ ಎಂಬ ಸಾಮಾನ್ಯ ಕ್ರಿಯಾಪದವನ್ನು ಆರಿಸಿಕೊಂಡಿದ್ದೇನೆ. ಎಲ್ಲರೂ ಬಲ್ಲೆವೆಂದುಕೊಂಡಿರುವ ಪದಗಳಲ್ಲಿಯೇ ನಿಘಂಟನ್ನು ಓದುವ ಕೌಶಲದ ನಿಜವಾದ ಪರೀಕ್ಷೆ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಹುಡುಕುವ ಮೊದಲು

ಮೊದಲ ಹಂತ ನಿಘಂಟಿನ ಹೊರಗೇ ಇದೆ. ಪದವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಹುಡುಕಲು ಹೋಗಬಾರದು. ಅದು ಬಂದಿರುವ ವಾಕ್ಯವನ್ನು ಪೂರ್ತಿಯಾಗಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಆ ವಾಕ್ಯದಲ್ಲಿ ಪದವು ಹೆಸರಾಗಿ ಬಂದಿದೆಯೋ, ಕ್ರಿಯೆಯಾಗಿ ಬಂದಿದೆಯೋ, ಬೇರೊಂದು ಪದವನ್ನು ವಿಶೇಷಿಸುತ್ತಿದೆಯೋ ಎಂಬುದನ್ನು ಗುರುತಿಸಬೇಕು. ಕ್ರಿಯೆಯಾಗಿದ್ದರೆ ಅದರ ಕರ್ತೃ ಯಾರು, ಅದರೊಡನೆ ಬಂದ ನಾಮಪದಗಳು ಯಾವ ವಿಭಕ್ತಿಯಲ್ಲಿವೆ ಎಂಬುದನ್ನೂ ಗಮನಿಸಬೇಕು. ಕೊನೆಯಲ್ಲಿ, ಸಂದರ್ಭದಿಂದ ತೋಚುವ ಅರ್ಥವನ್ನು ತಪ್ಪಾದರೂ ಚಿಂತೆಯಿಲ್ಲವೆಂದು ಪಕ್ಕದಲ್ಲಿ ಬರೆದಿಡಬೇಕು. ನಮೂದಿನಲ್ಲಿ ಐದಾರು ಅರ್ಥಗಳು ಎದುರಾದಾಗ ಆಯ್ಕೆಗೆ ಆಧಾರವಾಗುವುದು ಈ ಟಿಪ್ಪಣಿಯೇ. ಅದಿಲ್ಲದಿದ್ದರೆ ಕಣ್ಣು ತಾನಾಗಿ ಮೊದಲನೆಯ ಅರ್ಥದ ಮೇಲೆ ನಿಲ್ಲುತ್ತದೆ.

ಕೈಯಲ್ಲಿರುವ ನಿಘಂಟು ಯಾವ ಬಗೆಯದು ಎಂಬುದನ್ನೂ ಮುಂಚೆಯೇ ತಿಳಿದಿರಬೇಕು. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ಹೊರತಂದಿರುವ ಕನ್ನಡ ನಿಘಂಟು ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿಕೊಟ್ಟು ಪದದ ಹಳೆಯ ಜೀವನವನ್ನು ಕಾಣಿಸುತ್ತದೆ. ಶಾಲೆಯ ಬಳಕೆಗೆಂದು ಮಾಡಿದ ಒಂದೇ ಸಂಪುಟದ ನಿಘಂಟು ಇಂದಿನ ಅರ್ಥವನ್ನು ಮುಂದಿಟ್ಟು ಹಳೆಯದನ್ನು ಬಿಟ್ಟುಬಿಡಬಹುದು. ಅರ್ಥಗಳ ಕ್ರಮವೂ ಎಲ್ಲ ನಿಘಂಟುಗಳಲ್ಲಿ ಒಂದೇ ರೀತಿ ಇರುವುದಿಲ್ಲ: ಕೆಲವು ಕಾಲಕ್ರಮವನ್ನು ಅನುಸರಿಸಿ ಅತ್ಯಂತ ಹಳೆಯ ಅರ್ಥವನ್ನು ಮೊದಲು ಕೊಡುತ್ತವೆ, ಕೆಲವು ಹೆಚ್ಚು ಬಳಕೆಯಲ್ಲಿರುವುದನ್ನು ಮೊದಲು ಕೊಡುತ್ತವೆ. ಇಂಗ್ಲಿಷಿನ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಮೊದಲ ಬಗೆಯದು. ಭಾಷೆಯನ್ನು ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಬಹುಮಟ್ಟಿಗೆ ಎರಡನೆಯ ಬಗೆಯವು. ಕಾಲಕ್ರಮದ ನಿಘಂಟಿನಲ್ಲಿ ಮೊದಲ ಅರ್ಥವನ್ನೇ ‘ಮುಖ್ಯ’ ಅರ್ಥವೆಂದು ಭಾವಿಸಿದವರು ಇಂದಿನ ಬರಹದೊಳಗೆ ಹಳೆಗಾಲದ ಅರ್ಥವನ್ನು ತುರುಕುವ ತಪ್ಪು ಮಾಡುತ್ತಾರೆ. ಯಾವ ಕ್ರಮವನ್ನು ಅನುಸರಿಸಲಾಗಿದೆ ಎಂಬುದನ್ನು ಸಂಪಾದಕರು ಸಾಮಾನ್ಯವಾಗಿ ಮುನ್ನುಡಿಯಲ್ಲಿ ಹೇಳಿರುತ್ತಾರೆ. ಸಂಕ್ಷೇಪಗಳ ಪಟ್ಟಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಆ ಕೆಲವು ಪುಟಗಳನ್ನು ಒಮ್ಮೆ ನಿಧಾನವಾಗಿ ಓದಿದರೆ ಮುಂದಿನ ಪ್ರತಿಯೊಂದು ಹುಡುಕಾಟವೂ ಹಗುರವಾಗುತ್ತದೆ.

ಮುಖ್ಯಪದವನ್ನು ತಲುಪುವುದು

ಕನ್ನಡದಲ್ಲಿ ಪದವು ವಾಕ್ಯದಲ್ಲಿ ಕಾಣುವ ರೂಪದಲ್ಲಿಯೇ ನಿಘಂಟಿನಲ್ಲಿ ಸಿಗುವುದು ಅಪರೂಪ. ನಾಮಪದದ ವಿಭಕ್ತಿಯನ್ನು ಕಳಚುವುದು ಸುಲಭ. ಕಷ್ಟವಿರುವುದು ಭೂತಕಾಲದ ಕ್ರಿಯಾರೂಪಗಳಲ್ಲಿ. ‘ಕಿತ್ತ’ ಎಂಬುದು ‘ಕೀಳು’ ಎಂಬಲ್ಲಿ, ‘ಎದ್ದ’ ಎಂಬುದು ‘ಏಳು’ ಎಂಬಲ್ಲಿ, ‘ಹೊತ್ತ’ ಎಂಬುದು ‘ಹೊರು’ ಎಂಬಲ್ಲಿ, ‘ನೊಂದ’ ಎಂಬುದು ‘ನೋಯು’ ಎಂಬಲ್ಲಿ, ‘ಮಿಂದ’ ಎಂಬುದು ‘ಮೀ’ ಅಥವಾ ‘ಮೀಯು’ ಎಂಬಲ್ಲಿ ದೊರೆಯುತ್ತದೆ. ಇಂಥ ರೂಪ ಎದುರಾದಾಗ ಭೂತಕಾಲದಿಂದ ವರ್ತಮಾನಕ್ಕೆ ಬಂದು ನೋಡುವುದು ನೇರವಾದ ದಾರಿ: ‘ನೊಂದನು’ ಎಂಬುದು ‘ನೋಯುತ್ತಾನೆ’ ಎಂದಾಗುತ್ತದೆ, ಅದರಿಂದ ‘ಉತ್ತಾನೆ’ಯನ್ನು ತೆಗೆದರೆ ಧಾತು ಉಳಿಯುತ್ತದೆ. ಹ್ರಸ್ವ ಸ್ವರದ ಮುಂದೆ ಒತ್ತಕ್ಷರವಿರುವ ರೂಪ ಸಿಗದಿದ್ದರೆ ಆ ಸ್ವರವನ್ನು ದೀರ್ಘ ಮಾಡಿ ಹುಡುಕುವುದರಿಂದಲೂ ಹಲವು ಸಲ ಪದ ಸಿಗುತ್ತದೆ.

ಸಮಾಸಪದಗಳಲ್ಲಿ ಎರಡನೆಯ ಪದದ ಮೊದಲಕ್ಷರ ಬದಲಾಗಿರಬಹುದು. ‘ಬೆಟ್ಟದಾವರೆ’ಯಲ್ಲಿರುವುದು ‘ತಾವರೆ’, ‘ಮಳೆಗಾಲ’ದಲ್ಲಿರುವುದು ‘ಕಾಲ’, ‘ಕಂಬನಿ’ಯಲ್ಲಿರುವುದು ಕಣ್ಣು ಮತ್ತು ಹನಿಯ ಹಳೆಯ ರೂಪವಾದ ‘ಪನಿ’. ಈ ಕೊನೆಯ ಉದಾಹರಣೆ ಇನ್ನೊಂದು ವಿಷಯವನ್ನು ನೆನಪಿಸುತ್ತದೆ: ಹೊಸಗನ್ನಡದಲ್ಲಿ ‘ಹ’ಕಾರದಿಂದ ಮೊದಲಾಗುವ ಅನೇಕ ದೇಶ್ಯಪದಗಳು ಹಳಗನ್ನಡದಲ್ಲಿ ‘ಪ’ಕಾರದಿಂದ ಮೊದಲಾಗುತ್ತಿದ್ದವು. ಹಳೆಯ ಪಠ್ಯವನ್ನು ಓದುವವರು ಒಂದು ಕಡೆ ಸಿಗದ ಪದವನ್ನು ಇನ್ನೊಂದು ಕಡೆ ನೋಡಬೇಕು. ‘ನೋಡಿ’ ಎಂಬ ಸೂಚನೆ ಕಂಡರೆ ಅಲಕ್ಷಿಸದೆ ಆ ಪುಟಕ್ಕೆ ಹೋಗಬೇಕು.

ಅಕ್ಷರಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನುಸ್ವಾರವು ಸ್ವರಗಳ ನಂತರ, ವ್ಯಂಜನಗಳಿಗಿಂತ ಮೊದಲು ಬರುವುದರಿಂದ ‘ಅಂಕ’ ಎಂಬುದು ‘ಅಕ್ಕ’ಕ್ಕಿಂತ ಮೊದಲು ಸಿಗುತ್ತದೆ, ‘ಕ್ಷ’ದಿಂದ ಮೊದಲಾಗುವ ಪದಗಳು ಸಾಮಾನ್ಯವಾಗಿ ‘ಕ’ಕಾರದ ಕೊನೆಯಲ್ಲಿಯೂ ‘ಜ್ಞ’ದಿಂದ ಮೊದಲಾಗುವವು ‘ಜ’ಕಾರದೊಳಗೂ ಇರುತ್ತವೆ ಎಂಬಷ್ಟು ನೆನಪಿದ್ದರೆ ಸಾಕು.

ಒಂದೇ ರೂಪ, ಬೇರೆ ಪದಗಳು

ಪುಟವನ್ನು ತಲುಪಿದ ಮೇಲೆ ಒಂದೇ ಮುಖ್ಯಪದವು ಎರಡು ಮೂರು ಬಾರಿ, ಪಕ್ಕದಲ್ಲಿ ಸಣ್ಣ ಅಂಕೆಗಳೊಡನೆ ಅಚ್ಚಾಗಿರುವುದು ಕಾಣಬಹುದು. ಈ ಅಂಕೆಗಳಿಗೂ ನಮೂದಿನ ಒಳಗಿರುವ ಅರ್ಥಗಳ ಅಂಕೆಗಳಿಗೂ ವ್ಯತ್ಯಾಸವಿದೆ. ಹೊರಗಿನ ಅಂಕೆ ಹೇಳುವುದು ಇವು ಬೇರೆ ಬೇರೆ ಪದಗಳು ಎಂದು. ಒಳಗಿನ ಅಂಕೆ ಹೇಳುವುದು ಇವು ಒಂದೇ ಪದದ ಬೇರೆ ಬೇರೆ ಅರ್ಥಗಳು ಎಂದು.

‘ನೆರೆ’ ಎಂಬ ಪದವನ್ನು ನೋಡೋಣ. ‘ನೆರೆಯ ಮನೆಯವರು ಬಂದರು’ ಎಂಬಲ್ಲಿ ಅದು ಪಕ್ಕ ಎಂಬ ಅರ್ಥದ ನಾಮಪದ. ‘ನದಿಗೆ ನೆರೆ ಬಂದಿತು’ ಎಂಬಲ್ಲಿ ಪ್ರವಾಹ ಎಂಬ ಅರ್ಥದ ನಾಮಪದ. ‘ಜನರು ಅಂಗಳದಲ್ಲಿ ನೆರೆದರು’ ಎಂಬಲ್ಲಿ ಒಟ್ಟುಗೂಡು ಎಂಬ ಅರ್ಥದ ಕ್ರಿಯಾಪದ. ‘ಆತನನ್ನು ನೆರೆ ನಂಬಿದಳು’ ಎಂಬ ಹಳೆಯ ಶೈಲಿಯ ವಾಕ್ಯದಲ್ಲಿ ಪೂರ್ತಿಯಾಗಿ ಎಂಬ ಅರ್ಥದ ಅವ್ಯಯ. ಇವುಗಳಲ್ಲಿ ಎಷ್ಟನ್ನು ಒಂದೇ ನಮೂದಿನಲ್ಲಿ ಸೇರಿಸಬೇಕು, ಎಷ್ಟನ್ನು ಬೇರೆ ಮಾಡಬೇಕು ಎಂಬುದು ಮೂಲದ ಬಗ್ಗೆ ಸಂಪಾದಕರು ತಳೆದ ನಿಲುವನ್ನು ಅವಲಂಬಿಸಿದೆ. ಆದ್ದರಿಂದ ಎರಡು ನಿಘಂಟುಗಳಲ್ಲಿ ವಿಂಗಡಣೆ ಬೇರೆಯಾಗಿದ್ದರೆ ಗಾಬರಿಯಾಗಬೇಕಿಲ್ಲ. ಓದುಗನು ಮಾಡಬೇಕಾದುದು ಇಷ್ಟೇ: ಮೊದಲ ‘ನೆರೆ’ಯಲ್ಲಿ ತನಗೆ ಬೇಕಾದ ಅರ್ಥ ಸಿಗದಿದ್ದರೆ ಅಲ್ಲಿಗೇ ನಿಲ್ಲದೆ, ಪ್ರತಿ ನಮೂದಿನ ಮುಂದಿರುವ ‘ನಾ.’, ‘ಕ್ರಿ.’, ‘ಗು.’, ‘ಅ.’ ಎಂಬಂಥ ವ್ಯಾಕರಣ ಸೂಚನೆಯನ್ನು ತನ್ನ ಟಿಪ್ಪಣಿಯೊಡನೆ ಹೋಲಿಸಬೇಕು. ವಾಕ್ಯದಲ್ಲಿ ಪದವು ಕ್ರಿಯೆಯಾಗಿದ್ದರೆ ನಾಮಪದದ ನಮೂದುಗಳನ್ನು ಓದದೆಯೇ ದಾಟಬಹುದು. ಅರ್ಧ ಗೊಂದಲ ಇಲ್ಲಿಯೇ ಕಳೆಯುತ್ತದೆ.

ಅರ್ಥನಿರೂಪಣೆಯನ್ನು ಹಿಂದಿನಿಂದ ಓದುವುದು

ಅರ್ಥವನ್ನು ನಿಘಂಟು ಮುಖ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತದೆ. ಒಂದು, ಪದವನ್ನು ವಿವರಿಸುವ ನುಡಿಗಟ್ಟನ್ನು ಕೊಡುವುದು. ಇನ್ನೊಂದು, ಸಮಾನಾರ್ಥಕ ಪದಗಳನ್ನು ಸಾಲಾಗಿ ಇಡುವುದು. ಎರಡನ್ನೂ ಓದುವ ಕ್ರಮ ಒಂದೇ ಅಲ್ಲ.

ವಿವರಣೆಯ ರೂಪದ ಅರ್ಥವನ್ನು ಕೊನೆಯ ಪದದಿಂದ ಹಿಂದಕ್ಕೆ ಓದಬೇಕು. ‘ತೊರೆ’ ಎಂಬುದಕ್ಕೆ ‘ಬೆಟ್ಟಗುಡ್ಡಗಳಲ್ಲಿ ಹುಟ್ಟಿ ಹರಿಯುವ ಚಿಕ್ಕ ಹೊಳೆ’ ಎಂದು ಅರ್ಥ ಬರೆದಿದೆಯೆಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ವಿಶೇಷಣಗಳು ವಿಶೇಷ್ಯದ ಹಿಂದೆ ಬರುವುದರಿಂದ ಆ ವಸ್ತು ಯಾವ ಜಾತಿಯದು ಎಂಬುದು ಕೊನೆಯಲ್ಲಿರುತ್ತದೆ: ತೊರೆ ಎಂದರೆ ಒಂದು ಬಗೆಯ ಹೊಳೆ. ಆ ಜಾತಿಯ ಇತರ ವಸ್ತುಗಳಿಂದ ಅದನ್ನು ಬೇರ್ಪಡಿಸುವ ಲಕ್ಷಣಗಳು ಅದಕ್ಕೂ ಮೊದಲು ಬಂದಿರುತ್ತವೆ: ಚಿಕ್ಕದಾಗಿರುವುದು, ಎತ್ತರದ ನೆಲದಲ್ಲಿ ಹುಟ್ಟುವುದು. ಹೀಗೆ ಜಾತಿಯನ್ನೂ ಲಕ್ಷಣಗಳನ್ನೂ ಬಿಡಿಸಿಕೊಂಡ ಮೇಲೆ ಪ್ರತಿ ಲಕ್ಷಣಕ್ಕೂ ಒಂದು ಪ್ರಶ್ನೆ ಹಾಕಬೇಕು: ಇದನ್ನು ತೆಗೆದರೆ ಪದದ ಅರ್ಥ ಬದಲಾಗುತ್ತದೆಯೇ? ‘ಚಿಕ್ಕ’ ಎಂಬುದನ್ನು ತೆಗೆದರೆ ತೊರೆಗೂ ಹೊಳೆಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅಂದರೆ ಆ ಪದದ ಸಾರ ಅಲ್ಲಿದೆ.

ಸಮಾನಾರ್ಥಕಗಳ ಸಾಲಿನಲ್ಲಿ ಹೆಚ್ಚು ಎಚ್ಚರ ಬೇಕು. ಅಲ್ಪವಿರಾಮದಿಂದ ಬೇರ್ಪಟ್ಟ ಪದಗಳು ಒಂದೇ ಅರ್ಥಛಾಯೆಯನ್ನು ಸುತ್ತುವರಿಯುತ್ತವೆ, ಅರ್ಧವಿರಾಮ ಬಂದಲ್ಲಿ ಛಾಯೆ ಸ್ವಲ್ಪ ಸರಿಯುತ್ತದೆ, ಹೊಸ ಅಂಕೆ ಬಂದಲ್ಲಿ ಅರ್ಥವೇ ಬದಲಾಗುತ್ತದೆ ಎಂಬುದು ಸಾಮಾನ್ಯ ಪದ್ಧತಿ. ಸಾಲಿನಲ್ಲಿರುವ ಯಾವುದೇ ಒಂದು ಪದವನ್ನು ಎತ್ತಿಕೊಂಡು ‘ಇದೇ ಅರ್ಥ’ ಎನ್ನಬಾರದು. ಅವೆಲ್ಲವೂ ಎಲ್ಲಿ ಒಂದನ್ನೊಂದು ಮುಟ್ಟುತ್ತವೆಯೋ ಅಲ್ಲಿ ಅರ್ಥವಿದೆ ಎಂದು ತಿಳಿಯಬೇಕು.

ಸಮಾನಾರ್ಥಕಗಳನ್ನು ನೆಚ್ಚಿದಾಗ ಎದುರಾಗುವ ದೊಡ್ಡ ತೊಡಕು ಚಕ್ರದೋಷ. ‘ಅಂಜು’ ಎಂದರೆ ‘ಹೆದರು’ ಎಂದೂ, ‘ಹೆದರು’ ಎಂದರೆ ‘ಭಯಪಡು’ ಎಂದೂ, ‘ಭಯ’ ಎಂದರೆ ‘ಅಂಜಿಕೆ’ ಎಂದೂ ಬರೆದಿದ್ದರೆ ಓದುಗ ಮೂರು ಪುಟ ತಿರುವಿ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಎರಡನೆಯ ತಿರುವಿನಲ್ಲಿಯೇ ಇದನ್ನು ಗುರುತಿಸಬಹುದು: ವಿವರಣೆಯಲ್ಲಿ ಹೊಸದೊಂದು ಲಕ್ಷಣವೂ ಸಿಗದೆ ಪದದಿಂದ ಪದಕ್ಕೆ ಮಾತ್ರ ಹೋಗುತ್ತಿದ್ದರೆ ಅದು ಚಕ್ರ. ಆಗ ಇನ್ನೊಂದು ಸಮಾನಾರ್ಥಕದ ಹಿಂದೆ ಓಡುವುದನ್ನು ಬಿಟ್ಟು, ಆ ಎಲ್ಲ ಪದಗಳ ಪ್ರಯೋಗವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ‘ಕುದುರೆ ಸದ್ದಿಗೆ ಬೆದರಿತು’, ‘ಸುಳ್ಳು ಹೇಳಲು ಅವನ ಮನಸ್ಸು ಅಳುಕಿತು’, ‘ಹುಡುಗಿ ಕತ್ತಲೆಗೆ ಹೆದರುತ್ತಾಳೆ’ ಎಂಬ ಮೂರು ವಾಕ್ಯಗಳನ್ನು ಒಟ್ಟಿಗೆ ಕಂಡಾಗ, ಬೆದರುವುದರಲ್ಲಿ ತಟ್ಟನೆ ಬೆಚ್ಚಿಬೀಳುವ ಭಾವವಿದೆ, ಅಳುಕುವುದರಲ್ಲಿ ಒಳಗಿನ ಹಿಂಜರಿಕೆಯಿದೆ, ಹೆದರುವುದು ಇವೆರಡನ್ನೂ ಒಳಗೊಳ್ಳಬಲ್ಲ ಸಾಮಾನ್ಯ ಪದ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಈ ದೋಷವನ್ನು ತಡೆಯಲು ಕೆಲವು ನಿಘಂಟುಕಾರರು ಅರ್ಥ ಬರೆಯಲು ಬಳಸುವ ಪದಗಳಿಗೇ ಮಿತಿ ಹಾಕಿಕೊಂಡಿದ್ದಾರೆ. 1978ರಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸರಳ ಪದಗಳಲ್ಲಿಯೇ ಎಲ್ಲ ಅರ್ಥಗಳನ್ನೂ ನಿರೂಪಿಸಲು ಹೊರಟಿತು. ಅಂಥ ಮಿತಿಯಿಲ್ಲದ ನಿಘಂಟನ್ನು ಬಳಸುವಾಗ ಆ ಹೊರೆಯನ್ನು ಓದುಗನೇ ಹೊರಬೇಕಾಗುತ್ತದೆ.

ಒಂದು ನಮೂದನ್ನು ಪೂರ್ತಿ ಬಿಡಿಸಿ ನೋಡುವುದು

ಈಗ ‘ಒಪ್ಪು’ ಪದಕ್ಕೆ ಬರೋಣ. ಕೆಳಗಿನ ನಮೂದನ್ನು ಯಾವುದೇ ನಿಘಂಟಿನಿಂದ ಎತ್ತಿಕೊಂಡಿಲ್ಲ. ನಿಘಂಟುಗಳ ಸಾಮಾನ್ಯ ರೀತಿಯನ್ನು ಅನುಸರಿಸಿ ಈ ಅಭ್ಯಾಸಕ್ಕಾಗಿಯೇ ನಾನು ರಚಿಸಿದ್ದೇನೆ. ಅದರಲ್ಲಿ ‘ದೇ.’ ಎಂದರೆ ದೇಶ್ಯ, ‘ಗ್ರಾಂ.’ ಎಂದರೆ ಗ್ರಾಂಥಿಕ.

> ಒಪ್ಪು¹ ಕ್ರಿ. (ದೇ.) 1. ಸಮ್ಮತಿಸು, ಆಗಲಿ ಎನ್ನು: *ಮಗಳು ಊರು ಬಿಡಲು ಒಪ್ಪಲಿಲ್ಲ, ತಂದೆ ಆ ಏರ್ಪಾಟಿಗೆ ಒಪ್ಪಿದರು.* 2. ನಿಜವೆಂದು ಅಥವಾ ಸರಿಯೆಂದು ಅಂಗೀಕರಿಸು: *ಅವನು ತನ್ನ ತಪ್ಪನ್ನು ಒಪ್ಪಿದನು.* 3. ಹೊಂದು, ತಕ್ಕುದಾಗಿರು: *ಈ ಬಣ್ಣ ನಿನಗೆ ಒಪ್ಪುತ್ತದೆ.* 4. (ಗ್ರಾಂ.) ಶೋಭಿಸು, ಚೆಲುವಾಗಿ ಕಾಣು: *ಕೊಳವು ತಾವರೆಗಳಿಂದ ಒಪ್ಪುತ್ತಿತ್ತು.*
> ಒಪ್ಪು² ನಾ. (ಗ್ರಾಂ.) ಚೆಲುವು, ಸೊಬಗು; ಔಚಿತ್ಯ.

ನಮ್ಮ ಕೈಯಲ್ಲಿರುವ ವಾಕ್ಯ ಇದು: ‘ಸಮಿತಿಯು ವರದಿಯನ್ನು ಒಪ್ಪಿತು, ಆದರೆ ಅದರಲ್ಲಿದ್ದ ಸಲಹೆಗೆ ಒಪ್ಪಲಿಲ್ಲ.’ ಅವಸರದಲ್ಲಿ ಓದಿದರೆ ಈ ವಾಕ್ಯ ತನ್ನನ್ನೇ ಅಲ್ಲಗಳೆಯುವಂತೆ ತೋರುತ್ತದೆ. ಒಪ್ಪಿತೋ, ಒಪ್ಪಲಿಲ್ಲವೋ?

ಮೊದಲು ವ್ಯಾಕರಣ ಸೂಚನೆಯಿಂದ ಹೊರಡಬೇಕು. ಎರಡು ಕಡೆಯೂ ಪದವು ಕ್ರಿಯೆಯಾಗಿದೆ. ಆದ್ದರಿಂದ ಎರಡನೆಯ ನಮೂದು ಬಿಟ್ಟುಹೋಯಿತು. ನಂತರ ಪ್ರತಿ ಅರ್ಥವನ್ನೂ ವಾಕ್ಯದಲ್ಲಿ ಮೂಲಪದದ ಜಾಗದಲ್ಲಿಟ್ಟು ನೋಡಬೇಕು. ‘ಸಮಿತಿಯು ವರದಿಯನ್ನು ಶೋಭಿಸಿತು’ ಎಂಬುದು ವಾಕ್ಯವೇ ಆಗುವುದಿಲ್ಲ, ನಾಲ್ಕನೆಯದು ಹೋಯಿತು. ‘ವರದಿಯನ್ನು ತಕ್ಕುದಾಗಿತ್ತು’ ಎಂಬುದೂ ಅಷ್ಟೇ, ಮೂರನೆಯದೂ ಹೋಯಿತು. ಉಳಿದಿರುವುದು ಮೊದಲನೆಯದು ಮತ್ತು ಎರಡನೆಯದು. ಇಲ್ಲಿ ಅರ್ಥನಿರೂಪಣೆ ಮಾತ್ರದಿಂದ ತೀರ್ಮಾನವಾಗುವುದಿಲ್ಲ, ಏಕೆಂದರೆ ‘ಸಮ್ಮತಿಸು’ ಮತ್ತು ‘ಅಂಗೀಕರಿಸು’ ಎಂಬ ಎರಡೂ ಪದಗಳು ಸಮಿತಿಯ ಬಾಯಲ್ಲಿ ಸಲ್ಲುತ್ತವೆ.

ಪ್ರಯೋಗವಾಕ್ಯಗಳನ್ನು ನೋಡಬೇಕಾದುದು ಈಗ. ಮೊದಲ ಅರ್ಥದ ಉದಾಹರಣೆಗಳಲ್ಲಿ ‘ಬಿಡಲು ಒಪ್ಪು’, ‘ಏರ್ಪಾಟಿಗೆ ಒಪ್ಪು’ ಎಂದಿದೆ: ಅಂದರೆ ಈ ಅರ್ಥದಲ್ಲಿ ಕ್ರಿಯಾಪದವು ‘ಅಲು’ ಪ್ರತ್ಯಯದ ರೂಪವನ್ನೋ ಚತುರ್ಥಿ ವಿಭಕ್ತಿಯನ್ನೋ ಜೊತೆಗೆ ಕರೆದುಕೊಳ್ಳುತ್ತದೆ. ಎರಡನೆಯ ಅರ್ಥದ ಉದಾಹರಣೆಯಲ್ಲಿ ‘ತಪ್ಪನ್ನು ಒಪ್ಪು’ ಎಂದಿದೆ: ಅಲ್ಲಿ ದ್ವಿತೀಯಾ ವಿಭಕ್ತಿ ಬಂದಿದೆ. ನಮ್ಮ ವಾಕ್ಯದಲ್ಲಿ ‘ವರದಿಯನ್ನು’ ಎಂಬುದು ದ್ವಿತೀಯೆ, ‘ಸಲಹೆಗೆ’ ಎಂಬುದು ಚತುರ್ಥಿ. ಹಾಗಾದರೆ ವಾಕ್ಯದ ಮಾತು ಸ್ಪಷ್ಟವಾಯಿತು: ವರದಿಯಲ್ಲಿ ಹೇಳಿರುವುದು ಸರಿಯೆಂದು ಸಮಿತಿ ಅಂಗೀಕರಿಸಿತು, ಆದರೆ ಸಲಹೆಯಂತೆ ನಡೆಯಲು ಸಮ್ಮತಿ ಕೊಡಲಿಲ್ಲ. ಇದರಲ್ಲಿ ವಿರೋಧವೇನೂ ಇಲ್ಲ. ಅರ್ಥನಿರೂಪಣೆ ಹೇಳದೆ ಬಿಟ್ಟಿದ್ದನ್ನು ಎರಡು ಚಿಕ್ಕ ವಾಕ್ಯಗಳ ವಿಭಕ್ತಿಗಳು ಹೇಳಿದವು.

ವಿಭಕ್ತಿಯನ್ನು ಅದಲುಬದಲು ಮಾಡಿ ನೋಡಿದರೆ ಇದು ಇನ್ನೂ ದೃಢವಾಗುತ್ತದೆ. ‘ತಪ್ಪನ್ನು ಒಪ್ಪಿದನು’ ಎಂದರೆ ಮಾಡಿದ ತಪ್ಪನ್ನು ಮಾಡಿದೆನೆಂದನು. ‘ತಪ್ಪಿಗೆ ಒಪ್ಪಿದನು’ ಎಂದರೆ ತಪ್ಪು ಕೆಲಸವನ್ನು ಮಾಡಲು ಸಮ್ಮತಿಸಿದನು ಎಂಬ ಕಡೆಗೆ ಅರ್ಥ ಜಾರುತ್ತದೆ. ಎಲ್ಲ ಸಂದರ್ಭಗಳಲ್ಲಿಯೂ ಗೆರೆ ಇಷ್ಟು ನಿಚ್ಚಳವಾಗಿರುವುದಿಲ್ಲ. ‘ಒಪ್ಪಂದವನ್ನು ಒಪ್ಪಿದರು’ ಎಂಬುದೂ ‘ಒಪ್ಪಂದಕ್ಕೆ ಒಪ್ಪಿದರು’ ಎಂಬುದೂ ತೀರ ಹತ್ತಿರ ಬರುತ್ತವೆ. ಅಂಥ ಕಡೆ ಒಂದೇ ಉತ್ತರವನ್ನು ಬಲವಂತದಿಂದ ಆರಿಸದೆ, ಎರಡು ಅರ್ಥಗಳೂ ಇಲ್ಲಿ ಬೆಸೆದುಕೊಂಡಿವೆ ಎಂದು ಗುರುತಿಸುವುದೇ ಸರಿಯಾದ ಓದು.

ಮೂರನೆಯ ಅರ್ಥದಲ್ಲಿಯೂ ಚತುರ್ಥಿಯೇ ಇದೆಯಲ್ಲ ಎಂಬ ಪ್ರಶ್ನೆ ಬರಬಹುದು: ‘ನಿನಗೆ ಒಪ್ಪುತ್ತದೆ.’ ಇಲ್ಲಿ ಅರ್ಥವನ್ನು ಬೇರ್ಪಡಿಸುವುದು ಕರ್ತೃ. ಒಪ್ಪುತ್ತಿರುವುದು ಬಣ್ಣ, ಬಣ್ಣಕ್ಕೆ ಸಮ್ಮತಿಸುವ ಶಕ್ತಿಯಿಲ್ಲ. ‘ಬಿಳಿಯ ಗೋಡೆಗೆ ನೀಲಿ ಬಾಗಿಲು ಒಪ್ಪಿತ್ತು’ ಎಂಬ ವಾಕ್ಯ ಎದುರಾದರೆ ಅಚೇತನವಾದ ಕರ್ತೃವನ್ನು ನೋಡಿಯೇ ಮೂರನೆಯ ಅರ್ಥಕ್ಕೆ ಹೋಗಬಹುದು. ಆದ್ದರಿಂದ ಪ್ರಯೋಗವಾಕ್ಯದಿಂದ ಎರಡು ಸಂಗತಿಗಳನ್ನು ಎತ್ತಿಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಬೇಕು: ಕ್ರಿಯೆಯನ್ನು ಮಾಡುವವರು ಅಥವಾ ಮಾಡುವ ವಸ್ತು ಯಾವುದು, ಮತ್ತು ಜೊತೆಯ ಪದಗಳು ಯಾವ ವಿಭಕ್ತಿಯಲ್ಲಿವೆ.

ಪುಟದ ನೆರೆಹೊರೆಯ ಪದಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು. ‘ಒಪ್ಪಿಗೆ’ ಮೊದಲ ಅರ್ಥದಿಂದ, ‘ಒಪ್ಪ ಓರಣ’ದ ‘ಒಪ್ಪ’ ಮೂರು ಮತ್ತು ನಾಲ್ಕನೆಯ ಅರ್ಥಗಳ ಕಡೆಯಿಂದ ಬಂದವೆಂದು ಕಂಡಾಗ ಇಡೀ ಕುಟುಂಬದ ಪರಿಚಯವಾಗುತ್ತದೆ. ಆದರೆ ಅದೇ ಪುಟದಲ್ಲಿರುವ ‘ಒಪ್ಪತ್ತು’ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ‘ಒಂದು’ ಮತ್ತು ‘ಹೊತ್ತು’ ಸೇರಿ ಆದ ಪದ. ಅಕ್ಷರಗಳು ಹೋಲುತ್ತವೆ ಎಂಬ ಕಾರಣಕ್ಕೆ ಸಂಬಂಧ ಕಲ್ಪಿಸದೆ, ನಮೂದಿನಲ್ಲಿ ಕೊಟ್ಟಿರುವ ಮೂಲವನ್ನು ನೋಡಿ ನಿರ್ಧರಿಸಬೇಕು.

ಬಳಕೆಯ ಸೂಚನೆಗಳು

ಮೇಲಿನ ಮಾದರಿಯಲ್ಲಿ ‘(ಗ್ರಾಂ.)’ ಎಂಬ ಸೂಚನೆ ಎರಡು ಕಡೆ ಬಂದಿದೆ: ಮೊದಲ ನಮೂದಿನಲ್ಲಿ ನಾಲ್ಕನೆಯ ಅಂಕೆಯ ನಂತರ, ಎರಡನೆಯ ನಮೂದಿನಲ್ಲಿ ಅರ್ಥ ಆರಂಭವಾಗುವ ಮೊದಲೇ. ಈ ಸ್ಥಾನಭೇದ ಮುಖ್ಯವಾದುದು. ಅಂಕೆಯ ನಂತರ ಬಂದ ಸೂಚನೆ ಆ ಒಂದು ಅರ್ಥಕ್ಕೆ ಮಾತ್ರ ಸಲ್ಲುತ್ತದೆ. ಎಲ್ಲ ಅರ್ಥಗಳಿಗೂ ಮೊದಲು ಬಂದ ಸೂಚನೆ ಇಡೀ ನಮೂದಿಗೆ ಸಲ್ಲುತ್ತದೆ. ಇದನ್ನು ಗಮನಿಸದವರು ‘ಒಪ್ಪು ಎಂಬುದು ಗ್ರಾಂಥಿಕ ಪದ’ ಎಂದು ತೀರ್ಮಾನಿಸಿಯಾರು. ನಿಜವಾಗಿ ಗ್ರಾಂಥಿಕವಾದುದು ಅದರ ಒಂದು ಅರ್ಥ ಮತ್ತು ನಾಮಪದದ ರೂಪ.

ಸೂಚನೆಗಳು ಹೇಳುವ ವಿಷಯಗಳು ಕೆಲವೇ: ಪದವು ಯಾವ ಕಾಲದ್ದು, ಯಾವ ಪ್ರದೇಶದ್ದು, ಯಾವ ಶಾಸ್ತ್ರದ್ದು, ಮಾತಿನದೋ ಬರಹದ್ದೋ, ಗೌರವದ್ದೋ ತಿರಸ್ಕಾರದ್ದೋ. ಶಾಸ್ತ್ರದ ಸೂಚನೆ ಅರ್ಥವನ್ನೇ ಬದಲಿಸುತ್ತದೆ. ‘ವರ್ಗ’ ಎಂಬ ಪದದ ಮುಂದೆ ಗಣಿತದ ಸೂಚನೆಯಿದ್ದರೆ ಅದು ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆ, ವ್ಯಾಕರಣದ ಸೂಚನೆಯಿದ್ದರೆ ‘ಕ’ದಿಂದ ‘ಙ’ದವರೆಗಿನಂಥ ಐದಕ್ಷರಗಳ ಗುಂಪು, ಸೂಚನೆಯೇ ಇಲ್ಲದಿದ್ದರೆ ಸಾಮಾನ್ಯವಾದ ಗುಂಪು ಅಥವಾ ವಿಭಾಗ. ಉಳಿದ ಸೂಚನೆಗಳು ಅರ್ಥವನ್ನು ಬದಲಿಸುವುದಿಲ್ಲ. ಪದವನ್ನು ಎಲ್ಲಿ, ಯಾರ ಬಗ್ಗೆ ಬಳಸಬಹುದು ಎಂಬುದನ್ನು ಹೇಳುತ್ತವೆ. ಓದುವವನಿಗಿಂತ ಬರೆಯುವವನಿಗೆ ಅವು ಹೆಚ್ಚು ಬೇಕು.

ಸಾವಿಗೆ ಸಂಬಂಧಿಸಿದ ಪದಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘ತೀರಿಕೊಳ್ಳು’, ‘ನಿಧನ ಹೊಂದು’, ‘ಮಡಿ’, ‘ಅಸುನೀಗು’, ‘ಗೊಟಕ್ಕೆನ್ನು’ ಎಂಬ ಎಲ್ಲದಕ್ಕೂ ನಿಘಂಟು ‘ಸಾಯು’ ಎಂದೇ ಅರ್ಥ ಕೊಡಬಹುದು, ಮತ್ತು ಅರ್ಥದ ಮಟ್ಟಿಗೆ ಅದು ಸರಿಯೇ. ಆದರೆ ಆಪ್ತರೊಬ್ಬರ ಮನೆಗೆ ಬರೆಯುವ ಸಂತಾಪದ ಪತ್ರದಲ್ಲಿ ‘ತಮ್ಮ ತಂದೆಯವರು ಸತ್ತರೆಂದು ತಿಳಿಯಿತು’ ಎಂದು ಬರೆದರೆ ಅದು ನೋವಿನ ಮೇಲೆ ನೋವು ಕೊಟ್ಟಂತೆ. ಅಲ್ಲಿ ‘ತೀರಿಕೊಂಡರು’ ಎಂಬುದೇ ತಕ್ಕ ಮಾತು. ಪತ್ರಿಕೆಯ ಸುದ್ದಿಯಲ್ಲಿ ‘ನಿಧನ’ ಸಹಜ. ‘ಮಡಿ’ ಎಂಬ ಕ್ರಿಯಾಪದದ ಪ್ರಯೋಗವಾಕ್ಯಗಳು ಹೆಚ್ಚಾಗಿ ಯುದ್ಧದ ಸಂದರ್ಭಕ್ಕೆ ಸೇರಿರುತ್ತವೆ. ‘ಗೊಟಕ್ಕೆನ್ನು’ ಎಂಬುದರ ಮುಂದೆ ಆಡುಮಾತು ಅಥವಾ ತಿರಸ್ಕಾರದ ಸೂಚನೆ ಇರಲೇಬೇಕು. ಇಲ್ಲದಿದ್ದರೆ ಅದು ನಿಘಂಟಿನ ಕೊರತೆ. ಹೀಗೆ ಒಂದೇ ಅರ್ಥದ ಪದಗಳ ನಡುವೆ ಆಯ್ಕೆ ಮಾಡಬೇಕಾದಾಗ ಅರ್ಥನಿರೂಪಣೆಯನ್ನು ಬದಿಗಿಟ್ಟು ಸೂಚನೆಯನ್ನೂ ಪ್ರಯೋಗವನ್ನೂ ಮಾತ್ರ ಹೋಲಿಸಬೇಕು.

ಸೂಚನೆಗಳನ್ನು ನಂಬುವುದಕ್ಕೂ ಒಂದು ಎಲ್ಲೆಯಿದೆ. ಕನ್ನಡದ ಹಲವು ಏಕಭಾಷಾ ನಿಘಂಟುಗಳು ಶೈಲಿಯ ಮತ್ತು ಮನೋಭಾವದ ಸೂಚನೆಗಳನ್ನು ಮಿತವಾಗಿ ಕೊಡುತ್ತವೆ. ಆದ್ದರಿಂದ ಸೂಚನೆ ಇಲ್ಲವೆಂದ ಮಾತ್ರಕ್ಕೆ ಪದವು ಎಲ್ಲ ಕಡೆ ಸಲ್ಲುತ್ತದೆ ಎಂದುಕೊಳ್ಳಬಾರದು. ಅಂಥ ಸಂದರ್ಭದಲ್ಲಿ ಪ್ರಯೋಗವಾಕ್ಯದ ಕೊನೆಯಲ್ಲಿರುವ ಆಕರದ ಸಂಕ್ಷೇಪವೇ ಸೂಚನೆಯ ಕೆಲಸ ಮಾಡುತ್ತದೆ. ಒಂದು ಅರ್ಥಕ್ಕೆ ಕೊಟ್ಟಿರುವ ಪ್ರಯೋಗಗಳೆಲ್ಲವೂ ಶಾಸನ ಮತ್ತು ಹಳಗನ್ನಡ ಕಾವ್ಯಗಳಿಂದಲೇ ಬಂದಿದ್ದರೆ, ‘ಪ್ರಾಚೀನ’ ಎಂಬ ಸೂಚನೆ ಇಲ್ಲದಿದ್ದರೂ ಆ ಅರ್ಥ ಇಂದಿನ ಗದ್ಯಕ್ಕೆ ಒಗ್ಗದೆಂದು ಶಂಕಿಸಬಹುದು. ಒಂದು ಪ್ರಯೋಗವಾದರೂ ಹೊಸಗನ್ನಡದ ಗದ್ಯದಿಂದ ಬಂದಿದ್ದರೆ ಧೈರ್ಯ ಹೆಚ್ಚುತ್ತದೆ. ಪ್ರಯೋಗವೇ ಇಲ್ಲದ ಅರ್ಥವನ್ನು ಸ್ವಂತ ಬರಹದಲ್ಲಿ ಬಳಸುವ ಮುನ್ನ ಇನ್ನೊಂದು ನಿಘಂಟನ್ನು ನೋಡುವುದು ಉತ್ತಮ.

ಸಿಗದಿದ್ದಾಗ

ನಿಘಂಟು ಅಚ್ಚಾದ ಕಾಲದ ನಂತರ ಹುಟ್ಟಿದ ಅರ್ಥಗಳು ಅದರಲ್ಲಿರುವುದಿಲ್ಲ. ಹಳೆಯ ನಿಘಂಟಿನಲ್ಲಿ ‘ಜಾಲ’ವೆಂದರೆ ಬಲೆ, ಮೋಸ, ಸಮೂಹ, ‘ಕೊಂಡಿ’ಯೆಂದರೆ ಬಾಗಿದ ಮೊನೆ ಅಥವಾ ಚಿಲಕದ ಬಳೆ. ಅಂತರಜಾಲಕ್ಕೆ ಸಂಬಂಧಿಸಿದ ವಾಕ್ಯದಲ್ಲಿ ಈ ಪದಗಳು ಬಂದಾಗ ಯಾವ ಅರ್ಥವನ್ನಿಟ್ಟರೂ ವಾಕ್ಯ ಕೂಡಿಬರುವುದಿಲ್ಲ. ಆಗ ಮೊದಲು ತನ್ನ ಹುಡುಕಾಟದಲ್ಲಿಯೇ ದೋಷವಿದೆಯೇ ಎಂದು ಪರಿಶೀಲಿಸಬೇಕು: ಧಾತು ಸರಿಯೇ, ಅದೇ ರೂಪದ ಬೇರೆ ನಮೂದುಗಳನ್ನು ನೋಡಿಯಾಯಿತೇ, ಪದವು ‘ಕೈಕೊಡು’ ಎಂಬಂತೆ ಜೋಡಿಯಾಗಿ ಬಂದು ಬೇರೆಯೇ ಅರ್ಥ ಪಡೆದಿದೆಯೇ? ನುಡಿಗಟ್ಟುಗಳನ್ನು ಕೆಲವು ನಿಘಂಟುಗಳು ಮೊದಲ ಪದದ ಅಡಿಯಲ್ಲಿಯೂ ಕೆಲವು ಸ್ವತಂತ್ರ ಮುಖ್ಯಪದವಾಗಿಯೂ ಕೊಡುವುದರಿಂದ ಎರಡು ಕಡೆಯೂ ನೋಡಬೇಕು. ಇವೆಲ್ಲ ಮುಗಿದ ಮೇಲೂ ಸಿಗದಿದ್ದರೆ, ಇರುವ ಅರ್ಥಗಳಲ್ಲಿ ಹತ್ತಿರದ ಒಂದನ್ನು ಬಲವಂತವಾಗಿ ಹೊಂದಿಸದೆ, ಆ ಪದವನ್ನು ಅದೇ ಅರ್ಥದಲ್ಲಿ ಬಳಸಿರುವ ಇನ್ನೆರಡು ವಾಕ್ಯಗಳನ್ನು ಬೇರೆ ಬರಹಗಳಿಂದ ಹುಡುಕಿ ಹೋಲಿಸಬೇಕು.

ಹುಡುಕಾಟ ಫಲಿಸಿದಾಗ ಬರೆದಿಟ್ಟುಕೊಳ್ಳುವ ಕ್ರಮವೂ ಓದುವ ಕ್ರಮವನ್ನೇ ಅನುಸರಿಸಲಿ. ಪದವನ್ನೂ ಅರ್ಥವನ್ನೂ ಮಾತ್ರ ಬರೆದುಕೊಂಡ ಪಟ್ಟಿ ಬೇಗನೆ ಉಪಯೋಗವಿಲ್ಲದಂತಾಗುತ್ತದೆ. ಅದರ ಬದಲು ‘ಒಪ್ಪು — (ಏನನ್ನು) ನಿಜವೆಂದು ಅಂಗೀಕರಿಸು, (ಯಾವುದಕ್ಕೆ) ಸಮ್ಮತಿಸು, (ಯಾರಿಗೆ, ವಸ್ತು ಕರ್ತೃವಾಗಿ) ಹೊಂದು’ ಎಂದು ವಿಭಕ್ತಿಯೊಡನೆ ಬರೆದು, ಹುಡುಕಾಟಕ್ಕೆ ಕಾರಣವಾದ ಮೂಲವಾಕ್ಯವನ್ನು ಕೆಳಗೆ ಸೇರಿಸಿ, ನಿಘಂಟಿನಲ್ಲಿ ಸೂಚನೆಯಿದ್ದರೆ ಅದನ್ನೂ ಆವರಣದಲ್ಲಿ ಹಾಕಬೇಕು. ಬಳಿಕ ಅದೇ ವಿಭಕ್ತಿಯಲ್ಲಿ ಸ್ವಂತ ವಾಕ್ಯವೊಂದನ್ನು ರಚಿಸಿ, ನಿಘಂಟಿನ ಪ್ರಯೋಗವಾಕ್ಯದ ಪಕ್ಕದಲ್ಲಿಟ್ಟು ಕರ್ತೃವೂ ಜೊತೆಯ ಪದಗಳೂ ಒಂದೇ ಬಗೆಯವಾಗಿವೆಯೇ ಎಂದು ನೋಡಬೇಕು; ಹೊಂದದಿದ್ದರೆ ಮತ್ತೊಮ್ಮೆ ನಮೂದಿಗೆ ಹೋಗಿ ಅರ್ಥಗಳ ಅಂಕೆಯನ್ನು ಪರಿಶೀಲಿಸಬೇಕು.